ಒಂದು ತಾಸಿನ ವಾಚ್ ಕ್ಲಾಸ್

ನಮ್ಮ ಬಡಾವಣೆಯ ಉದ್ಯಾನಕ್ಕೆ ಬೆಳಗ್ಗೆ ವಾಕಿಂಗ್ ಬರುವ ಹಿರಿಯರ ಕೈಯಲ್ಲಿ ಈಗ ಹೆಚ್ಚಾಗಿ ಕಾಣೋದು ಸ್ಮಾರ್ಟ್‌ವಾಚ್. ಪುಣೆ, ಹೈದರಾಬಾದ್, ಬೆಂಗಳೂರು ಕಡೆ ಇರುವ ಮಕ್ಕಳು ಹಬ್ಬಕ್ಕೆ ಬಂದಾಗ ಅಪ್ಪ ಅಮ್ಮನ ಕೈಗೆ ಕಟ್ಟಿ ಹೋದಂಥವು. ಎರಡು ಸಾವಿರದ ಆಸುಪಾಸಿನ ವಾಚುಗಳೇ ಜಾಸ್ತಿ. ಮಕ್ಕಳು ಬಸ್ ಹತ್ತಿದ ಮೇಲೆ ಅದು ಬರೀ ಟೈಮ್ ನೋಡುವ ವಾಚ್ ಆಗುತ್ತದೆ. ಕೆಲವರದು ಚಾರ್ಜ್ ಮುಗಿದು ಅದೂ ಇಲ್ಲ.

ನಾನು ಕಲಬುರಗಿಯಲ್ಲಿ ಕಂಪ್ಯೂಟರ್ ಕಲಿಸುವವಳು. ಒಂದು ದಿನ ವಾಕಿಂಗ್ ಗುಂಪಿನ ಕಾಕಾ ಒಬ್ಬರು ನನ್ನನ್ನು ನಿಲ್ಲಿಸಿ ಕೇಳಿದರು. "ತಂಗಿ, ಮಗ ಹೇಳ್ತಾನ ಇದರಾಗ ಎಲ್ಲಾ ಅದ ಅಂತ. ಎಲ್ಲಿ ಅದ, ಒಂದೀಟ್ ತೋರಸ್ತೀಯೇನು?" ಒಬ್ಬರಿಗೆ ತೋರಿಸೋದಾದರೆ ಎಲ್ಲರಿಗೂ ತೋರಿಸೋಣ ಅಂತ ಉದ್ಯಾನದ ಮಗ್ಗುಲಿನ ಸಮುದಾಯ ಭವನದಲ್ಲಿ ಒಂದು ತಾಸು ಇಟ್ಟುಕೊಂಡೆವು. ಬೆಳಗ್ಗೆ ಏಳರಿಂದ ಎಂಟು. ಏಪ್ರಿಲ್ ತಿಂಗಳು. ಒಂಬತ್ತಾದರೆ ಇಲ್ಲಿ ತಗಡಿನ ಕೆಳಗೆ ಯಾರನ್ನೂ ಕೂರಿಸಿ ಪಾಠ ಹೇಳೋಕೆ ಆಗಲ್ಲ.

ಮೊದಲು ಏನು ಕಲಿಸಬೇಕು ಅಂತ ಅವರನ್ನೇ ಕೇಳಿದೆ. ಯಾರ ಫೋನ್ ಬಂದಿದೆ ಗೊತ್ತಾಗಬೇಕು. ಅಕ್ಷರ ದೊಡ್ಡದಾಗಿ ಕಾಣಬೇಕು. ಎಷ್ಟು ಹೆಜ್ಜೆ ಅಂತ ತಿಳಿಯಬೇಕು. ಆಮೇಲೆ ಎಲ್ಲರ ಬಾಯಲ್ಲೂ ಬಂದದ್ದು ಬಿಪಿ ಮತ್ತು ಶುಗರ್. ನಿದ್ದೆ, ಹಾಡು, ಹವಾಮಾನ, ಕ್ಯಾಮೆರಾ ಯಾರೂ ಕೇಳಲಿಲ್ಲ. ಹಾಗಾಗಿ ಅವೆಲ್ಲ ಮೊದಲೇ ಹೊರಗೆ. ಉಳಿದದ್ದನ್ನು ನಾಲ್ಕು ತುಂಡು ಮಾಡಿದೆ: ಕಟ್ಟೋದು ಮತ್ತು ಚಾರ್ಜ್ ಹಾಕೋದಕ್ಕೆ ಹತ್ತು ನಿಮಿಷ, ಬೆರಳಾಡಿಸೋದಕ್ಕೆ ಹದಿನೈದು, ಫೋನ್ ಕರೆಗೆ ಹದಿನೈದು, ಎದೆಬಡಿತಕ್ಕೆ ಹದಿನೈದು. ಕೊನೆಯ ಐದು ನಿಮಿಷ ಖಾಲಿ. ಹಿರಿಯರ ಕ್ಲಾಸಿನಲ್ಲಿ ಆ ಐದು ನಿಮಿಷ ಕನ್ನಡಕ ಹುಡುಕೋದಕ್ಕೇ ಹೋಗುತ್ತದೆ.

ಈ ಪಟ್ಟಿಯಲ್ಲಿ ವಾಚನ್ನು ಫೋನಿಗೆ ಜೋಡಿಸುವ ಕೆಲಸ ಇಲ್ಲ. ಬೇಕಂತಲೇ ಬಿಟ್ಟಿದ್ದೆ. ಅದನ್ನು ಹಿಂದಿನ ದಿನ ಸಂಜೆ ಒಬ್ಬೊಬ್ಬರನ್ನೇ ಕರೆದು, ಆದಷ್ಟು ಮಟ್ಟಿಗೆ ಮನೆಯ ಹುಡುಗರನ್ನೂ ಜೊತೆಗೆ ಕರೆಸಿ, ಮಾಡಿ ಮುಗಿಸಿದೆ. ಒಂದೇ ಹಾಲಿನಲ್ಲಿ ಹತ್ತು ಹನ್ನೆರಡು ವಾಚು ಒಟ್ಟಿಗೆ ಆನ್ ಆದರೆ ಫೋನಿನ ಪಟ್ಟಿಯಲ್ಲಿ ಎಲ್ಲವೂ ಸಾಲಾಗಿ ಬಂದು ಕೂರುತ್ತವೆ. ಒಂದೇ ಮಾಡೆಲ್ ಇದ್ದರೆ ಹೆಸರೂ ಒಂದೇ. ಒತ್ತಿದರೆ ಪಕ್ಕದವರ ವಾಚ್ ಜೋಡಿಯಾಗುತ್ತದೆ. ಇದಕ್ಕೆ ಒಂದು ಉಪಾಯ ಇದೆ. ವಾಚಿನ ಸೆಟ್ಟಿಂಗ್ಸ್‌ನಲ್ಲಿ `About` ಅಂತ ಇರುವ ಕಡೆ ಹೋದರೆ ಹೆಚ್ಚಿನ ವಾಚುಗಳಲ್ಲಿ ಒಂದು ಉದ್ದನೆಯ ಮ್ಯಾಕ್ ನಂಬರ್, ಅಂದರೆ ಒಂದೊಂದು ವಾಚಿಗೂ ಬೇರೆ ಬೇರೆ ಇರುವ ಗುರುತಿನ ನಂಬರ್, ಕಾಣುತ್ತದೆ. ಅದರ ಕೊನೆಯ ನಾಲ್ಕು ಅಕ್ಷರ, ಉದಾಹರಣೆಗೆ `A4:3F`, ಫೋನಿನ ಪಟ್ಟಿಯಲ್ಲಿರುವುದಕ್ಕೆ ತಾಳೆಯಾದರೆ ಅದೇ ನಿಮ್ಮ ವಾಚ್.

ಇನ್ನೊಂದು ತೊಡಕು ನಮ್ಮ ಕಡೆ ಜಾಸ್ತಿ. ವಾಚನ್ನು ಮಗ ಮೊದಲು ತನ್ನ ಫೋನಿಗೆ ಜೋಡಿಸಿ, ಸರಿ ಇದೆಯಾ ನೋಡಿ, ಆಮೇಲೆ ಅಪ್ಪನಿಗೆ ಕೊಟ್ಟಿರುತ್ತಾನೆ. ಅಪ್ಪನ ಫೋನಿಗೆ ಜೋಡಿಸಲು ಹೋದರೆ ಪಟ್ಟಿಯಲ್ಲಿ ವಾಚೇ ಬರಲ್ಲ. ಅದು ಇನ್ನೂ ಮಗನದೇ ಫೋನನ್ನು ನೆನಪಿಟ್ಟುಕೊಂಡಿರುತ್ತದೆ. ಮಗ ಊರಲ್ಲಿದ್ದರೆ ಅವನ ಆ್ಯಪ್‌ನಿಂದ ಬಿಡಿಸಬೇಕು. ಇಲ್ಲವೆಂದರೆ ವಾಚಿನಲ್ಲೇ ರೀಸೆಟ್ ಕೊಡಬೇಕು. ಒಳಗಿನ ಹಳೆಯ ಲೆಕ್ಕವೆಲ್ಲ ಅಳಿಸಿ ಹೋಗುತ್ತದೆ, ಅಷ್ಟೇ. ಯಾರಿಗೂ ಅದರ ಚಿಂತೆ ಇರಲಿಲ್ಲ.

ಜೋಡಿಸೋದು ಫೋನಿನ ಬ್ಲೂಟೂತ್ ಪಟ್ಟಿಯಿಂದಲ್ಲ, ವಾಚ್ ಕಂಪನಿಯ ಆ್ಯಪ್‌ನಿಂದ. ಯಾವ ಆ್ಯಪ್ ಅಂತ ಡಬ್ಬಿಯೊಳಗಿನ ಚೀಟಿಯಲ್ಲಿ ಕ್ಯೂಆರ್ ಇರುತ್ತದೆ. ಡಬ್ಬಿ ಎಸೆದಿದ್ದರೆ ಅದೂ ಹೆಚ್ಚಾಗಿ ಆ `About` ಒಳಗೇ ಸಿಗುತ್ತದೆ. ಆ್ಯಪ್ ಕೇಳುವ ಅನುಮತಿಗಳಲ್ಲಿ ಒಂದನ್ನೂ ಗಾಬರಿಯಾಗಿ ಬೇಡ ಅನ್ನದ ಹಾಗೆ ಪಕ್ಕದಲ್ಲೇ ಕೂತೆ. ಹೊಸ ಆಂಡ್ರಾಯ್ಡ್ ಫೋನುಗಳಲ್ಲಿ `Nearby devices` ಬೇಡ ಅಂದರೆ ವಾಚ್ ಕಾಣಲ್ಲ. ನೋಟಿಫಿಕೇಶನ್ ಬೇಡ ಅಂದರೆ ಮೆಸೇಜ್ ಬರಲ್ಲ. ಕರೆ ಮತ್ತು ಕಾಂಟ್ಯಾಕ್ಟ್ ಬೇಡ ಅಂದರೆ ಹೆಸರಿನ ಬದಲು ಬರೀ ನಂಬರ್ ಬರುತ್ತದೆ, ಇಲ್ಲವೇ ಏನೂ ಬರಲ್ಲ. ಜೊತೆಗೆ ಬ್ಯಾಟರಿ ಉಳಿಸುವ ನೆಪದಲ್ಲಿ ಫೋನು ರಾತ್ರಿ ಆ ಆ್ಯಪ್ ಮುಚ್ಚಿಬಿಡುತ್ತದೆ. ನಿನ್ನೆ ಸರಿ ಇದ್ದದ್ದು ಇವತ್ತು ಬಿಟ್ಟುಹೋಗಿದೆ ಅಂದರೆ ಮೊದಲು ನೋಡಬೇಕಾದದ್ದು ಇದನ್ನೇ. ಆ್ಯಪ್‌ನ ಬ್ಯಾಟರಿ ಸೆಟ್ಟಿಂಗ್‌ನಲ್ಲಿ `Unrestricted` ಮಾಡಿಟ್ಟೆ.

ಇಷ್ಟೆಲ್ಲ ಮಾಡುವಾಗ ಕನ್ನಡದ ಸಮಸ್ಯೆ ಎದ್ದಿತು. ಬಹಳ ವಾಚುಗಳಲ್ಲಿ ಕನ್ನಡ ಅಕ್ಷರವೇ ಇಲ್ಲ. ಫೋನಿನಲ್ಲಿ "ಮಗಳು" ಅಂತ ಉಳಿಸಿದ್ದರೆ ವಾಚಿನಲ್ಲಿ ಸಾಲಾಗಿ ಖಾಲಿ ಚೌಕಗಳು ಬರುತ್ತವೆ. ಇಂಗ್ಲಿಷ್‌ನಲ್ಲಿ ಬರೆಯಿರಿ ಅನ್ನೋದು ಸುಲಭ. ಆದರೆ ಇಂಗ್ಲಿಷ್ ಓದಲು ಬಾರದ ಆಯಿ ಒಬ್ಬರು ಎದುರಿಗೇ ಕೂತಿದ್ದರು. ಅಂಕಿ ಓದುತ್ತಿದ್ದರು. ಬಸ್ ನಂಬರ್, ರೇಷನ್ ಕಾರ್ಡ್, ಎಲ್ಲ ಅಂಕಿಯಲ್ಲೇ ಅವರ ವ್ಯವಹಾರ. ಹಾಗಾಗಿ ಹೆಸರಿನ ಮುಂದೆ ಅಂಕಿ ಸೇರಿಸಿದೆ. ದೊಡ್ಡ ಮಗ 1, ಮಗಳು 2, ಸಣ್ಣವನು 3, ಡಾಕ್ಟರ್ 9. ವಾಚಿನಲ್ಲಿ 2 ಮತ್ತು ನಾಲ್ಕು ಚೌಕ ಬಂದರೆ ಮಗಳು. "ಇಷ್ಟ್ ಸಾಕ್ ಬಿಡವ್ವಾ, ಹೆಸರ ಯಾಕ ಬೇಕು" ಅಂದರು. ಈ ಒಂದು ಉಪಾಯವನ್ನು ಉಳಿದವರೂ ಆಮೇಲೆ ಬಂದು ಮಾಡಿಸಿಕೊಂಡರು.

ಮರುದಿನ ಕ್ಲಾಸು. ಮೊದಲ ಹತ್ತು ನಿಮಿಷದಲ್ಲಿ ಪಟ್ಟಿ ಕಟ್ಟೋದು. ಮುಂಗೈಯ ಮೂಳೆಯಿಂದ ಒಂದು ಬೆರಳಿನಷ್ಟು ಮೇಲೆ, ಮೊಣಕೈ ಕಡೆಗೆ. ವಾಚ್ ಅಲುಗಬಾರದು, ಆದರೆ ಗುರುತು ಮೂಡುವಷ್ಟು ಬಿಗಿಯೂ ಬೇಡ. ಇದರಲ್ಲಿ ಹೆಣ್ಣುಮಕ್ಕಳಿಗೆ ಬಳೆಯ ಪ್ರಶ್ನೆ ಬಂತು. ಲೋಹದ ಬಳೆ ವಾಚಿನ ಗಾಜಿಗೆ ತಾಗಿ ತಾನೇ ಒತ್ತಿದಂತಾಗುತ್ತದೆ. ಪರದೆ ತಾನಾಗಿ ಓಡಾಡುತ್ತಿದೆ ಅಂತ ಒಬ್ಬರು ಹೇಳಿದ್ದರ ಕಾರಣ ಇದೇ ಆಗಿತ್ತು. ಬಳೆ ಕಡಿಮೆ ಇರುವ ಕೈಗೆ ಕಟ್ಟಿದರು. ಎರಡೂ ಕೈ ತುಂಬ ಇದ್ದವರು ಬಳೆಗಳ ಹಿಂದೆ, ಮೊಣಕೈ ಕಡೆಗೆ ವಾಚ್ ಸರಿಸಿಕೊಂಡರು.

ಚಾರ್ಜರ್ ಮ್ಯಾಗ್ನೆಟ್‌ನದು. ಉಲ್ಟಾ ಹಿಡಿದರೆ ದೂಡುತ್ತದೆ, ಸರಿ ಹಿಡಿದರೆ ಎಳೆದುಕೊಳ್ಳುತ್ತದೆ. ಅಂಟಿಕೊಂಡಿತು ಅಂತ ಬಿಟ್ಟು ಹೋಗಬಾರದು, ಪರದೆಯಲ್ಲಿ ಬ್ಯಾಟರಿ ಚಿತ್ರ ಬಂತಾ ನೋಡಬೇಕು. ಬೆವರಿನ ಉಪ್ಪು ಆ ಎರಡು ಚಿಕ್ಕ ಚುಕ್ಕೆಗಳ ಮೇಲೆ ಕೂತರೆ ಚಾರ್ಜ್ ಹತ್ತಲ್ಲ. ಒಣ ಬಟ್ಟೆಯಲ್ಲಿ ಒರೆಸಿದರೆ ಹತ್ತುತ್ತದೆ. ಸ್ನಾನಕ್ಕೆ ಬಿಚ್ಚಿಡಿ ಅಂದೆ. ನೀರು ತಡೆಯುತ್ತೆ ಅಂತ ಡಬ್ಬಿ ಮೇಲೆ ಬರೆದಿದ್ದರೂ ಅದು ತಣ್ಣೀರಿನ ಮಾತು, ಬಿಸಿನೀರು ಮತ್ತು ಸೋಪಿನದಲ್ಲ.

ಗುಂಪಿನಲ್ಲಿ ಒಬ್ಬರಿಗೆ ಎದೆಯಲ್ಲಿ ಪೇಸ್‌ಮೇಕರ್ ಇತ್ತು. ಇದು ಹಿಂದಿನ ದಿನವೇ ಕೇಳಿ ಇಟ್ಟುಕೊಂಡಿದ್ದೆ. ವಾಚಿನಲ್ಲೂ ಅದರ ಚಾರ್ಜರಿನಲ್ಲೂ ಮ್ಯಾಗ್ನೆಟ್ ಇರಬಹುದು. ಮೊಬೈಲ್ ಮತ್ತು ಸ್ಮಾರ್ಟ್‌ವಾಚ್‌ಗಳನ್ನು ಅಂಥ ಸಾಧನದಿಂದ ಆರು ಇಂಚು ದೂರ ಇಡಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರಲ್ಲಿ ಹೇಳಿದೆ. ಅಂಗಿ ಜೇಬಿನಲ್ಲಿ ಚಾರ್ಜರ್ ಇಡಬೇಡಿ, ಮಲಗುವಾಗ ವಾಚ್ ಬಿಚ್ಚಿ ಕಪಾಟಿನಲ್ಲಿಡಿ, ನಿಮ್ಮ ಡಾಕ್ಟರನ್ನೂ ಒಮ್ಮೆ ಕೇಳಿ ಅಂತ ಅವರಿಗೆ ಪಕ್ಕಕ್ಕೆ ಕರೆದು ಹೇಳಿದೆ.

ಬೆರಳಿನ ಪಾಠ ನಾನು ಅಂದುಕೊಂಡಿದ್ದಕ್ಕಿಂತ ಚೆನ್ನಾಗಿ ನಡೆಯಿತು, ಕಾರಣ ನಾನಲ್ಲ. ಹಿರಿಯರ ಬೆರಳು ಪರದೆ ಮೇಲೆ ಬಿದ್ದರೆ ಅಲ್ಲೇ ಕೂತುಬಿಡುತ್ತದೆ. ಗಟ್ಟಿಯಾಗಿ, ತುಂಬಾ ಹೊತ್ತು. ವಾಚಿಗೆ ಅದು ಬೇರೆಯೇ ಅರ್ಥ. ಹಾಗೆ ಒತ್ತಿ ಹಿಡಿದರೆ ಗಡಿಯಾರದ ಮುಖ ಬದಲಿಸುವ ಪಟ್ಟಿ ತೆರೆಯುತ್ತದೆ. ಆಮೇಲೆ ಬೆರಳು ಎಲ್ಲೋ ತಾಗಿ, ದೊಡ್ಡ ಅಂಕಿಯ ಮುಖ ಹೋಗಿ ಮುಳ್ಳಿನ ಗಡಿಯಾರವೋ ಹೂವಿನ ಚಿತ್ರವೋ ಬಂದು ಕೂರುತ್ತದೆ. "ನನ್ನ ವಾಚ್ ಕೆಟ್ಟಿತು" ಅನ್ನುವ ದೂರುಗಳಲ್ಲಿ ಅರ್ಧ ಇದೇ. ಮೆತ್ತಗೆ ಮುಟ್ಟಿ, ಬೇಗ ತೆಗೀರಿ ಅಂತ ನಾನು ಹೇಳುತ್ತಲೇ ಇದ್ದೆ, ಯಾರಿಗೂ ಹತ್ತಲಿಲ್ಲ. ಆಗ ಆ ಅಂಕಿಯ ಆಯಿ ಪಕ್ಕದವರಿಗೆ ಅಂದರು: "ರೊಟ್ಟಿ ಹಂಚು ಕಾದದೋ ಇಲ್ಲೋ ಅಂತ ನೋಡಂಗಿಲ್ಲೇನು, ಹಂಗ ಮುಟ್ಟು." ಅಷ್ಟೇ. ಇಡೀ ಹಾಲಿಗೆ ಬಂದುಬಿಟ್ಟಿತು. ಗಂಡಸರು ಮಾತ್ರ ಸ್ವಲ್ಪ ಹೊತ್ತು ತೆಗೆದುಕೊಂಡರು. ಹಂಚಿನ ಹತ್ತಿರ ಹೋದವರಲ್ಲ ಅಲ್ವಾ.

ಸವರುವ ನಾಲ್ಕು ದಿಕ್ಕುಗಳನ್ನು ಬಾಯಿಪಾಠ ಮಾಡಿಸಲಿಲ್ಲ. ಒಂದೊಂದು ವಾಚಿನಲ್ಲಿ ಒಂದೊಂದು ಥರ. ಒಬ್ಬರದರಲ್ಲಿ ಮೇಲಿಂದ ಕೆಳಗೆ ಎಳೆದರೆ ಮೆಸೇಜ್, ಇನ್ನೊಬ್ಬರದರಲ್ಲಿ ಬೆಳಕು ಹೆಚ್ಚು ಕಡಿಮೆ ಮಾಡುವ ಜಾಗ. ಹಾಗಾಗಿ ಎಲ್ಲರೂ ತಮ್ಮ ತಮ್ಮ ವಾಚಿನಲ್ಲಿ ಒಂದೊಂದು ದಿಕ್ಕಿಗೆ ಎಳೆದು, ಏನು ಬಂತು ಅಂತ ಪಕ್ಕದವರಿಗೆ ಹೇಳಬೇಕು. ಕಳೆದುಹೋದರೆ ಪಕ್ಕದ ಬಟನ್ ಒಂದು ಸಲ ಒತ್ತಬೇಕು, ಟೈಮ್‌ಗೆ ವಾಪಸ್. ಈ ಬಟನ್ ಒಂದನ್ನು ಮಾತ್ರ ಪದೇ ಪದೇ ಮಾಡಿಸಿದೆ. ಬೇಕಂತಲೇ ಒಳಗೆ ಎಲ್ಲೆಲ್ಲೋ ಹೋಗಿ ಅಂದೆ, ಹೋದರು, ಬಟನ್ ಒತ್ತಿ ಬಂದರು. ಬಟನ್ ಒತ್ತಿ ಹಿಡಿದರೆ ಆಫ್ ಮಾಡಲಾ ಅಂತ ಕೇಳುತ್ತದೆ ಅನ್ನೋದನ್ನು ಇಬ್ಬರು ತಾವೇ ಕಂಡುಹಿಡಿದರು.

ಫೋನ್ ಕರೆಯ ಭಾಗಕ್ಕೆ ಇಬ್ಬಿಬ್ಬರ ಜೋಡಿ ಮಾಡಿದೆ. ಒಬ್ಬರು ಕರೆ ಮಾಡಬೇಕು, ಇನ್ನೊಬ್ಬರು ವಾಚ್ ನೋಡಬೇಕು. ಕೈ ಗುಂಯ್ ಅಂದ ಕೂಡಲೇ ಕೆಲವರು ಬೆಚ್ಚಿದರು. ಹಸಿರು ಎತ್ತೋದಕ್ಕೆ, ಕೆಂಪು ಕಟ್ ಮಾಡೋದಕ್ಕೆ, ಅದು ಫೋನಿನಿಂದ ಗೊತ್ತಿದ್ದದ್ದೇ. ಗೊತ್ತಿಲ್ಲದಿದ್ದದ್ದು ಬೇರೆ. ವಾಚೇ ಒಂದು ಫೋನ್, ಫೋನ್ ಮನೆಯಲ್ಲಿಟ್ಟು ಬಂದರೂ ನಡೆಯುತ್ತದೆ ಅಂತ ಬಹಳ ಜನ ನಂಬಿದ್ದರು. ಸಿಮ್ ಹಾಕುವ ವಾಚುಗಳೂ ಇವೆ, ಆದರೆ ನಮ್ಮ ಹಾಲಿನಲ್ಲಿ ಒಂದೂ ಇರಲಿಲ್ಲ. ಮಾತಲ್ಲಿ ಹೇಳಿದರೆ ಹೋಗುವ ನಂಬಿಕೆ ಅಲ್ಲ ಅದು. ಫೋನುಗಳನ್ನು ಮೇಜಿನ ಮೇಲೆ ಇಡಿಸಿ, ವಾಚ್ ಕಟ್ಟಿಕೊಂಡು ಗೇಟಿನ ಕಡೆ ನಡೆಯಿರಿ ಅಂದೆ. ಗೋಡೆ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಒಂದೊಂದೇ ವಾಚ್ ನಡುಗಿ, ಜೋಡಿ ಬಿಟ್ಟಿತು ಅನ್ನುವ ಚಿತ್ರ ತೋರಿಸಿತು. ಬಯಲಿನಲ್ಲಿ ಸುಮಾರು ಹತ್ತು ಮೀಟರ್, ನಡುವೆ ಗೋಡೆ ಬಂದರೆ ಇನ್ನೂ ಕಡಿಮೆ.

ಅಷ್ಟರಲ್ಲಿ ರಿಟೈರ್ಡ್ ಮಾಸ್ತರ್ ಒಬ್ಬರು ಫೋನ್ ಹಿಡಿದು ಬಂದರು. "ಈ ವಾಚ್ ಕಟ್ಟದಾಗಿಂದ ನನ್ನ ಫೋನ್ ಮೂಕ ಆಗ್ಯಾದ್ರಿ. ಕಿವಿಗೆ ಹಿಡಿದ್ರ ದನಿನೇ ಇಲ್ಲ." ಅಂಗಡಿಯಲ್ಲಿ ಫೋನಿನ ಸ್ಪೀಕರ್ ಬದಲಿಸಬೇಕು ಅಂದಿದ್ದರಂತೆ. ನಾನು ಅವರಿಗೆ ಕರೆ ಮಾಡಿ, ಎತ್ತಿ ಅಂದೆ. ಅವರು ಫೋನಿನಲ್ಲೇ ಎತ್ತಿದರು, ಕಿವಿಗೆ ಹಿಡಿದರು. ನಾನು ಮಾತಾಡಿದೆ. ನನ್ನ ದನಿ ಅವರ ಎಡಗೈಯಿಂದ ಬಂತು. ಹಾಲಿನಲ್ಲಿ ಎಲ್ಲರೂ ನಕ್ಕರು, ಮಾಸ್ತರ್ ಕೂಡ.

ಇದರ ಒಳಗುಟ್ಟು ಹೀಗಿದೆ. ಮಾತಾಡುವ ವಾಚುಗಳಿಗೆ ಫೋನಿನ ಜೊತೆ ಎರಡು ನಂಟು. ಒಂದು ಆ್ಯಪ್ ಮೂಲಕ, ಹೆಜ್ಜೆ ಲೆಕ್ಕ ಮತ್ತು ಮೆಸೇಜಿಗೆ. ಇನ್ನೊಂದು ದನಿಗೆ, ಇಯರ್‌ಫೋನ್ ಜೋಡಿಸಿದ ಹಾಗೇ. ಈ ಎರಡನೆಯದು ಚಾಲೂ ಇದ್ದರೆ ಕರೆಯ ದನಿಯನ್ನು ಫೋನು ವಾಚಿಗೆ ಕಳಿಸಿಬಿಡಬಹುದು. ಸದ್ದಿರುವ ಕಡೆ ವಾಚಿನ ಚಿಕ್ಕ ಸ್ಪೀಕರ್ ಕೇಳಲ್ಲ, ಕೇಳುವ ಕಿವಿಯೂ ಮಂದ ಇದ್ದರೆ ಮುಗೀತು. ಆ ಹೊತ್ತಿಗೆ ಬೇಕಾದ ಮದ್ದು: ಕರೆಯ ಪರದೆಯಲ್ಲಿ ಸ್ಪೀಕರ್ ಅಥವಾ ಬ್ಲೂಟೂತ್ ಗುರುತು ಒತ್ತಿ, ಬರುವ ಪಟ್ಟಿಯಲ್ಲಿ `Phone` ಆರಿಸೋದು. ಪಟ್ಟಿಯಲ್ಲಿ ವಾಚಿನ ಹೆಸರಿಗೆ ಟಿಕ್ ಬಿದ್ದಿದ್ದರೆ ರೋಗ ಇದೇ ಅಂತ ಖಾತ್ರಿ. ಕಾಯಂ ಮದ್ದು: ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ವಾಚಿನ ಹೆಸರಿನ ಪಕ್ಕದ ಗುರುತು ಒತ್ತಿ, ಅಲ್ಲಿ ಕರೆಯ ಮುಂದಿನ ಗುಂಡಿ ಆಫ್ ಮಾಡೋದು. ಮಾಸ್ತರ್‌ಗೆ ಹಾಗೇ ಮಾಡಿದೆ. ಯಾರ ಕರೆ ಅಂತ ವಾಚ್ ತೋರಿಸುತ್ತದೆ, ಮಾತು ಫೋನಿನಲ್ಲಿ. ನನ್ನ ಅನಿಸಿಕೆಯಲ್ಲಿ ಎಪ್ಪತ್ತು ದಾಟಿದ ಹೆಚ್ಚಿನವರಿಗೆ ಇದೇ ಒಳ್ಳೆಯದು. ಕೈಯಲ್ಲಿ ಮಾತಾಡುವ ಸೊಗಸು ಮಕ್ಕಳ ಜಾಹೀರಾತಿನದು.

ಎದೆಬಡಿತವನ್ನು ಕೊನೆಗೆ ಇಟ್ಟಿದ್ದಕ್ಕೆ ಕಾರಣ ಇತ್ತು. ವಾಕಿಂಗ್‌ನಿಂದ ನೇರ ಬಂದವರ ನಾಡಿ ಏರಿರುತ್ತದೆ. ಮುಕ್ಕಾಲು ತಾಸು ಕೂತ ಮೇಲೆ ನೋಡಿದರೆ ನಿಜದ ಅಂಕಿ ಸಿಗುತ್ತದೆ. ಗೇಟಿನ ತನಕ ಹೋಗಿ ಬಂದದ್ದರಿಂದ ಮತ್ತೆ ನಾಲ್ಕು ನಿಮಿಷ ಸುಮ್ನೆ ಕೂರಿಸಿದೆ, ಮಾತು ಬೇಡ ಅಂದೆ. ಅದೇ ಕಷ್ಟವಾಯಿತು. ಗುಂಪಿನಲ್ಲೇ ನಿವೃತ್ತ ನರ್ಸ್ ಒಬ್ಬರಿದ್ದರು. ಅವರು ಮುಂಗೈ ಹಿಡಿದು ಗೋಡೆ ಗಡಿಯಾರ ನೋಡುತ್ತಾ ಮೂವತ್ತು ಸೆಕೆಂಡ್ ಎಣಿಸಿ ಎರಡು ಪಟ್ಟು ಮಾಡಿದರು. ವಾಚ್ 78 ಅಂದಿತು, ಅವರು 76 ಅಂದರು. ಎಲ್ಲರಿಗೂ ವಾಚಿನ ಮೇಲೆ ಗೌರವ ಬಂತು.

ಆಗ ಮೊದಲು ನನ್ನನ್ನು ನಿಲ್ಲಿಸಿ ಕೇಳಿದ್ದ ಕಾಕಾ, ನಡೆಯುವಾಗ ತಮ್ಮದು ಯಾವಾಗಲೂ 112, 114 ತೋರಿಸುತ್ತೆ, ಹೆದರಿಕೆ ಆಗುತ್ತೆ ಅಂದರು. ಅವರ ಪಟ್ಟಿ ಸಡಿಲ, ವಾಚ್ ಮೂಳೆಯ ಮೇಲೆ ಕುಣಿಯುತ್ತಿತ್ತು. ಹಾಲಿನ ಉದ್ದಕ್ಕೂ ಒಂದು ನಿಮಿಷ ನಡೆಸಿ ಹೆಜ್ಜೆ ಎಣಿಸಿದೆವು, ನೂರಾ ಹತ್ತರ ಹತ್ತಿರ. ನಿಂತ ತಕ್ಷಣ ನರ್ಸಕ್ಕ ನಾಡಿ ಹಿಡಿದರು, 90. ವಾಚ್ ಎಣಿಸುತ್ತಿದ್ದದ್ದು ಎದೆಯನ್ನಲ್ಲ, ಹೆಜ್ಜೆಯನ್ನು. ವಾಚಿನ ಕೆಳಗಿನ ಹಸಿರು ಬೆಳಕು ಚರ್ಮದೊಳಗೆ ಹೋಗುತ್ತದೆ. ರಕ್ತ ಉಕ್ಕಿದಾಗ ಸ್ವಲ್ಪ ಜಾಸ್ತಿ ಬೆಳಕು ಹೀರಿಕೊಳ್ಳುತ್ತದೆ, ವಾಪಸ್ ಬರುವುದು ಕಮ್ಮಿಯಾಗುತ್ತದೆ. ಆ ಏರಿಳಿತವೇ ಬಡಿತ. ವಾಚ್ ಅಲುಗಿದರೂ ಬೆಳಕು ಏರಿಳಿಯುತ್ತದೆ, ಅದಕ್ಕೆ ವ್ಯತ್ಯಾಸ ಗೊತ್ತಾಗಲ್ಲ. ಪಟ್ಟಿ ಎರಡು ತೂತು ಬಿಗಿ ಮಾಡಿ ಮೇಲೆ ಸರಿಸಿ ಮತ್ತೆ ನಡೆಸಿದಾಗ 92 ಬಂತು. ಇದಾದ ಮೇಲೆ ಒಂದು ವಾಚನ್ನು ಸುತ್ತಿದ ಟವೆಲಿಗೆ ಕಟ್ಟಿ ತೋರಿಸಿದೆ. ಟವೆಲಿನ ಬಡಿತ 71 ಬಂತು. ಕೈಯಲ್ಲಿದೆಯಾ ಅಂತ ಸರಿಯಾಗಿ ಪರೀಕ್ಷಿಸದ ಅಗ್ಗದ ವಾಚುಗಳಲ್ಲಿ ಇದು ಆಗುತ್ತದೆ.

ಬಿಪಿಗೆ ಮಾತು ಬಂದಾಗ ಆ ಟವೆಲ್ ಇನ್ನೂ ಮೇಜಿನ ಮೇಲೇ ಇತ್ತು. ನರ್ಸಕ್ಕ ತೋಳಿಗೆ ಕಟ್ಟುವ ಬಿಪಿ ಮಿಷನ್ ತಂದಿದ್ದರು. ಬಿಪಿ ಮಾತ್ರೆ ತೆಗೆದುಕೊಳ್ಳುವ ಒಬ್ಬರಿಗೆ ವಾಚ್ 121/79 ತೋರಿಸಿತು, ತೋಳಿನ ಮಿಷನ್ 156/90. ತೋಳಿನ ಪಟ್ಟಿ ನಿಜವಾಗಿ ರಕ್ತನಾಳವನ್ನು ಒತ್ತಿ ನೋಡುತ್ತದೆ. ಈ ವಾಚು ಬೆಳಕಿನ ಅಲೆ ನೋಡಿ ಅಂದಾಜು ಮಾಡುತ್ತದೆ. ದುಬಾರಿ ವಾಚುಗಳಲ್ಲೂ ಬಿಪಿ ತೋರಿಸುವ ಕೆಲವನ್ನು ತೋಳಿನ ಮಿಷನ್ ಇಟ್ಟು ಆಗಾಗ ಹೊಂದಿಸಿಕೊಳ್ಳಬೇಕು. ನಮ್ಮ ಹಾಲಿನಲ್ಲಿದ್ದವುಗಳಲ್ಲಿ ಹಾಗೆ ಹೊಂದಿಸುವ ಜಾಗವೇ ಇರಲಿಲ್ಲ. ಒಂದು ವಾಚಿನಲ್ಲಿ ಶುಗರ್ ಅಂತಲೂ ಮೆನು ಇತ್ತು. ಸೂಜಿ ಚುಚ್ಚದೆ ತಾನೇ ಶುಗರ್ ಅಳೆಯುವ ಯಾವ ವಾಚಿಗೂ ಉಂಗುರಕ್ಕೂ ಒಪ್ಪಿಗೆ ಕೊಟ್ಟಿಲ್ಲ, ಬಳಸಬೇಡಿ ಅಂತ 2024ರ ಫೆಬ್ರವರಿಯಲ್ಲಿ ಎಫ್‌ಡಿಎ ಎಚ್ಚರಿಸಿದೆ. ಆ ವಾಚಿನವರು ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರು. ಇದರ ಅಂಕಿ ನೋಡಿ ಒಂದು ಯುನಿಟ್ಟೂ ಹೆಚ್ಚು ಕಮ್ಮಿ ಮಾಡಬೇಡಿ ಅಂತ ನರ್ಸಕ್ಕ ಅವರಿಂದ ಎಲ್ಲರೆದುರು ಮಾತು ತೆಗೆದುಕೊಂಡರು. ಆ್ಯಪ್‌ನಲ್ಲಿ ಆ ಮೆನುವನ್ನೇ ಮುಚ್ಚಿಟ್ಟೆವು. ಎದೆ ನೋವು ಬಂದು ವಾಚಿನಲ್ಲಿ 74 ಅಂತಿದ್ದರೆ ಸರಿ ಇದೆ ಅಂತ ಕೂರಬಹುದಾ ಅಂತ ಒಬ್ಬರು ಕೇಳಿದರು. ಕೂರಬಾರದು. ಬಡಿತದ ಲೆಕ್ಕ ಹಾರ್ಟ್ ಅಟ್ಯಾಕನ್ನು ಹಿಡಿಯಲ್ಲ. 112ಕ್ಕೋ 108ಕ್ಕೋ ಕರೆ ಮಾಡಬೇಕು, ಅದೂ ಫೋನಿನಿಂದ.

ಎಂಟೂ ಕಾಲು ಆಗಿತ್ತು. ಹೋಗುವಾಗ ಎಲ್ಲರಿಗೂ ಒಂದು ಹಾಳೆ ಕೊಟ್ಟೆ. ದಪ್ಪ ಅಕ್ಷರದಲ್ಲಿ ನಾಲ್ಕೇ ಸಾಲು: ಮೂಳೆಯಿಂದ ಒಂದು ಬೆರಳು ಮೇಲೆ. ಕಳೆದುಹೋದರೆ ಬಟನ್. ಫೋನ್ ಜೊತೆಗಿರಲಿ. ಬಿಪಿ, ಶುಗರ್ ಇದರಲ್ಲಿ ನೋಡಬೇಡಿ. ಹಾಳೆಯ ಹಿಂದೆ ಅವರವರ ಆ್ಯಪ್ ಹೆಸರು ಮತ್ತು ವಾಚಿನ ಕೊನೆಯ ನಾಲ್ಕು ಅಕ್ಷರ ಕೈಯಲ್ಲಿ ಬರೆದಿದ್ದೆ. ಮುಂದೆ ಯಾರಾದರೂ ರಿಪೇರಿಗೆ ಕೂತರೆ ಅವರಿಗೆ ಬೇಕಾಗೋದು ಅದೇ.

ತುರ್ತಿಗೆ ಒತ್ತುವ ಎಸ್‌ಒಎಸ್ ಬಟನ್ ಮಾತ್ರ ಈ ತಾಸಿನಲ್ಲಿ ಕಲಿಸೋಕೆ ಆಗಲಿಲ್ಲ. ನಾನು ನೋಡಿದ ವಾಚುಗಳಲ್ಲಿ ಅದು ಫೋನಿನ ಮೂಲಕ ಆ್ಯಪ್‌ನಲ್ಲಿ ಬರೆದಿಟ್ಟ ಒಂದು ನಂಬರಿಗೆ ಕರೆ ಮಾಡುತ್ತದೆ, ಅಷ್ಟೇ. ಯಾರ ನಂಬರ್ ಬರೆಯಬೇಕು ಅನ್ನೋದನ್ನು ಮನೆಯಲ್ಲಿ ಮಾತಾಡಿಕೊಂಡು ಬನ್ನಿ ಅಂದೆ. ಪುಣೆಯ ಮಗನದೋ, ಪಕ್ಕದ ಮನೆಯವರದೋ. ಮುಂದಿನ ವಾರದ ಕ್ಲಾಸು ಅದರಿಂದಲೇ ಶುರು.